ಮೂರು ತಪ್ಪಿಗೆ ಮುಚ್ಚಿಕೊಳ್ಳುವ ಸಿಮ್

2022ರ ಒಂದು ದಿನ ಹಂಗೇರಿಯ ಭದ್ರತಾ ಸಂಶೋಧಕ ಡೇವಿಡ್ ಶುಟ್ಜ್ ಇಪ್ಪತ್ತನಾಲ್ಕು ತಾಸಿನ ಪ್ರಯಾಣ ಮುಗಿಸಿ ಮನೆ ಸೇರಿದಾಗ ಅವರ ಪಿಕ್ಸೆಲ್ 6 ಫೋನಿನಲ್ಲಿ ಒಂದು ಪರ್ಸೆಂಟ್ ಚಾರ್ಜು ಉಳಿದಿತ್ತು. ಯಾರಿಗೋ ಮೆಸೇಜು ಬರೆಯುತ್ತಿರುವಾಗಲೇ ಅದೂ ತೀರಿ ಫೋನು ಆರಿಹೋಯಿತು. ಚಾರ್ಜರಿಗೆ ಹಾಕಿ ಮತ್ತೆ ಆನ್ ಮಾಡಿದರೆ ಫೋನು ಸಿಮ್ಮಿನ ಪಿನ್ ಕೇಳಿತು. ದಣಿದ ತಲೆಗೆ ಅದು ನೆನಪಾಗಲಿಲ್ಲ. ಇದಿರಬಹುದು, ಅದಿರಬಹುದು ಎಂದು ಮೂರು ಸಲ ಒತ್ತಿದರು. ಮೂರೂ ತಪ್ಪು. ಸಿಮ್ ಮುಚ್ಚಿಕೊಂಡಿತು. ಈಗ ಫೋನು ಪಿಯುಕೆ ಎಂಬ ಎಂಟಂಕಿಯ ಇನ್ನೊಂದು ಸಂಖ್ಯೆ ಕೇಳತೊಡಗಿತು.

ಶುಟ್ಜ್ ಸಿಮ್ ಬಂದಿದ್ದ ಪ್ಯಾಕೆಟ್ಟನ್ನು ಎತ್ತಿಟ್ಟಿದ್ದರು. ಅದನ್ನು ಹುಡುಕಿ, ಮೇಲಿನ ಲೇಪ ಕೆರೆದು, ಒಳಗಿದ್ದ ಪಿಯುಕೆ ಹಾಕಿ ಹೊಸ ಪಿನ್ ಮಾಡಿಕೊಂಡರು. ಅಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಆ ಹೊತ್ತಿಗೆ ಪರದೆಯ ಮೇಲೆ ಕಂಡ ಒಂದು ವಿಚಿತ್ರ ಅವರನ್ನು ಕಾಡಿತು. ಕೊನೆಗೆ ಗೂಗಲ್ ಕಂಪನಿಯಿಂದ 70,000 ಡಾಲರ್ ಬಹುಮಾನವನ್ನೂ ತಂದುಕೊಟ್ಟಿತು. ಆ ಕತೆ ಅರ್ಥವಾಗಬೇಕಾದರೆ ಮೊದಲು ಈ ಬೀಗ ಎಲ್ಲಿದೆ ಎಂಬುದು ಗೊತ್ತಿರಬೇಕು.

ಬೀಗ ಇರುವುದು ಉಗುರಿನಷ್ಟಗಲದ ಆ ಕಾರ್ಡಿನಲ್ಲೇ. ಸಿಮ್ ಎಂದರೆ ನಂಬರು ಬರೆದಿಟ್ಟ ಬರೀ ಚಿಪ್ಪು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಅದರೊಳಗೆ ತನ್ನದೇ ಪ್ರೊಸೆಸರ್, ತನ್ನದೇ ಮೆಮೊರಿ ಇರುವ ಪುಟ್ಟ ಕಂಪ್ಯೂಟರ್ ಇದೆ. ನೀವು ಒತ್ತಿದ ಪಿನ್ನನ್ನು ಫೋನು ಪರಿಶೀಲಿಸುವುದಿಲ್ಲ. ಸರಿಯಾದದ್ದು ಯಾವುದೆಂದು ಅದಕ್ಕೆ ತಿಳಿದೇ ಇರುವುದಿಲ್ಲ. ಒತ್ತಿದ್ದನ್ನು ಕಾರ್ಡಿಗೆ ದಾಟಿಸುವುದಷ್ಟೇ ಅದರ ಕೆಲಸ. ಹೋಲಿಸಿ ನೋಡುವುದು, ಸರಿ ಅಥವಾ ತಪ್ಪು ಎನ್ನುವುದು, ಎಷ್ಟು ಅವಕಾಶ ಉಳಿದಿದೆ ಎಂದು ಲೆಕ್ಕ ಇಡುವುದು ಎಲ್ಲವೂ ಕಾರ್ಡಿನೊಳಗೇ ನಡೆಯುತ್ತದೆ.

ಹೀಗಿರುವುದರಿಂದಲೇ ಮೊಬೈಲ್ ಅಂಗಡಿಗಳಲ್ಲಿ ದಿನವೂ ಕೇಳಿಬರುವ ಹಲವು ಉಪಾಯಗಳು ಫಲಿಸುವುದಿಲ್ಲ. ಫೋನು ಆಫ್ ಮಾಡಿ ಆನ್ ಮಾಡಿದರೆ ಲೆಕ್ಕ ಹೊಸದಾಗಿ ಶುರುವಾಗುವುದಿಲ್ಲ, ಏಕೆಂದರೆ ಕರೆಂಟು ಹೋದರೂ ಅಳಿಯದ ಮೆಮೊರಿಯಲ್ಲಿ ಕಾರ್ಡು ಅದನ್ನು ಬರೆದಿಟ್ಟಿರುತ್ತದೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಆ ಫೋನೂ ಅದೇ ಪಿಯುಕೆ ಕೇಳುತ್ತದೆ. ಎಲ್ಲಕ್ಕಿಂತ ದುಬಾರಿಯಾದದ್ದು ಫ್ಯಾಕ್ಟರಿ ರೀಸೆಟ್. ಸಿಮ್ ಲಾಕ್ ಆಯಿತೆಂದು ಗಾಬರಿಯಾಗಿ ಫೋನನ್ನೇ ರೀಸೆಟ್ ಮಾಡಿದವರಿಗೆ ಮಕ್ಕಳ ಫೋಟೋಗಳೆಲ್ಲ ಹೋಗಿರುತ್ತವೆ, ಸಿಮ್ಮಿನ ಬೀಗ ಮಾತ್ರ ಇದ್ದ ಹಾಗೇ ಇರುತ್ತದೆ.

ಕಾರ್ಡು ಲೆಕ್ಕ ಇಡುವ ಬಗೆಯೂ ಕುತೂಹಲದ್ದು. ಸಾಮಾನ್ಯವಾಗಿ ನಾವು ಮೊದಲು ಪರೀಕ್ಷಿಸಿ, ತಪ್ಪಾದರೆ ಅಂಕ ಕಳೆಯುತ್ತೇವೆ. ಎಚ್ಚರಿಕೆಯಿಂದ ತಯಾರಿಸಿದ ಕಾರ್ಡು ಇದನ್ನು ತಿರುವುಮುರುವು ಮಾಡುತ್ತದೆ. ಪಿನ್ ಬಂದ ಕೂಡಲೇ ಮೊದಲು ಒಂದು ಅವಕಾಶ ಕಳೆದು ಬರೆದಿಡುತ್ತದೆ, ಆಮೇಲೆ ಹೋಲಿಸುತ್ತದೆ, ಸರಿಯಾಗಿದ್ದರೆ ಲೆಕ್ಕವನ್ನು ಮತ್ತೆ ಮೂರಕ್ಕೆ ಏರಿಸುತ್ತದೆ. ತಪ್ಪಾಗಿದೆ ಎಂದು ತಿಳಿದ ಕ್ಷಣದಲ್ಲಿ ಕರೆಂಟು ಕಡಿದು, ಲೆಕ್ಕ ಬರೆಯಲು ಬಿಡದೆ, ಹತ್ತು ಸಾವಿರ ಸಲ ಪ್ರಯತ್ನಿಸುವ ಕಳ್ಳದಾರಿಯನ್ನು ಮುಚ್ಚಲು ಮಾಡಿದ ಏರ್ಪಾಡು ಇದು.

ನಾಲ್ಕಂಕಿಯ ಪಿನ್ನಿಗೆ 0000ದಿಂದ 9999ರವರೆಗೆ ಹತ್ತು ಸಾವಿರ ಸಾಧ್ಯತೆಗಳಿವೆ, ಅವಕಾಶ ಮೂರು. ಬೇಕಾದರೆ ಪಿನ್ನನ್ನು ಎಂಟಂಕಿಯವರೆಗೂ ಉದ್ದ ಮಾಡಿಕೊಳ್ಳಬಹುದು. ಪಿಯುಕೆ ಯಾವಾಗಲೂ ಎಂಟಂಕಿ, ಅಂದರೆ ಹತ್ತು ಕೋಟಿ ಸಾಧ್ಯತೆ, ಅವಕಾಶ ಹತ್ತು. ಕಣ್ಣುಮುಚ್ಚಿ ಒತ್ತುವವನಿಗೆ ಅದು ಸಿಗುವ ಸಂಭವ ಕೋಟಿಗೆ ಒಂದು. ಹತ್ತೂ ತಪ್ಪಾದರೆ ಕಾರ್ಡು ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಅದನ್ನು ಕಂಪನಿಯವರೂ ತೆರೆಯಲಾರರು.

ಪಿನ್ ನಿಮ್ಮದು, ಬೇಕಾದಾಗ ಬದಲಿಸಬಹುದು. ಪಿಯುಕೆ ಕಂಪನಿಯದು. ಕಾರ್ಡು ತಯಾರಾಗುವಾಗಲೇ ಅದನ್ನು ಒಳಗೆ ಬರೆದು, ಇನ್ನೊಂದು ಪ್ರತಿಯನ್ನು ಕಂಪನಿ ತನ್ನ ದಾಖಲೆಯಲ್ಲಿ ಇಟ್ಟುಕೊಳ್ಳುತ್ತದೆ. ಬಳಕೆದಾರರು ಅದನ್ನು ಬದಲಿಸಲಾಗದು. ಹಾಗಾಗಿ ಕಸ್ಟಮರ್ ಕೇರ್‌ಗೆ ಫೋನು ಮಾಡಿ "ನನ್ನ ಪಿನ್ ಮರೆತುಹೋಗಿದೆ, ಹೇಳಿ" ಎಂದರೆ ಅವರು ಹೇಳಲಾರರು, ನೀವು ಇಟ್ಟುಕೊಂಡ ಪಿನ್ ಅವರಿಗೂ ಗೊತ್ತಿಲ್ಲ. ಅವರು ಕೊಡಬಲ್ಲದ್ದು ಪಿಯುಕೆ ಮಾತ್ರ. ಅದನ್ನು ಹಾಕಿದರೆ ಹಳೆಯ ಪಿನ್ ಮರಳಿ ಸಿಗುವುದಿಲ್ಲ, ಹೊಸದನ್ನು ಇಟ್ಟುಕೊಳ್ಳಲು ಅನುಮತಿ ಸಿಗುತ್ತದೆ.

ಇಷ್ಟೆಲ್ಲ ಬಂದೋಬಸ್ತು ಯಾವುದರ ಕಾವಲಿಗೆ?

ಜರ್ಮನಿಯ ಮ್ಯೂನಿಕ್‌ನ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ 1991ರಲ್ಲಿ ಫಿನ್ಲೆಂಡಿನ ರೇಡಿಯೋಲಿನ್ಯಾಗೆ ಮೊದಲ 300 ಸಿಮ್ ಕಾರ್ಡುಗಳನ್ನು ಮಾರಿದಾಗ ಕಾವಲು ಬೇಕಿದ್ದದ್ದು ಫೋನ್ ಬಿಲ್ಲಿಗೆ. ಭಾರತದಲ್ಲಿ 1995ರ ಜುಲೈ 31ರಂದು ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖ್‌ರಾಮ್ ಅವರಿಗೆ ಮೊದಲ ಮೊಬೈಲ್ ಕರೆ ಮಾಡಿದ ಕಾಲದಲ್ಲಿ ನಿಮಿಷಕ್ಕೆ 8 ರೂಪಾಯಿ 40 ಪೈಸೆ, ದಟ್ಟಣೆಯ ಹೊತ್ತಿನಲ್ಲಿ 16 ರೂಪಾಯಿ 80 ಪೈಸೆ ದರವಿತ್ತು. ಸಿಮ್ ಕದ್ದವನು ಒಂದು ಸಂಜೆ ಹರಟಿದರೆ ಮಾಲೀಕರ ತಿಂಗಳ ಸಂಬಳ ಕರಗುತ್ತಿತ್ತು. ಕರೆಗಳ ದರ ಇಳಿದ ಹಾಗೆ ಈ ಭಯವೂ ಹೋಯಿತು. ನಮ್ಮಲ್ಲಿ ಸಿಮ್ಮುಗಳು ಪಿನ್ ಬೀಗ ತೆರೆದಿಟ್ಟೇ ಮಾರಾಟವಾಗತೊಡಗಿದವು; ಅದೊಂದು ಇದೆ ಎಂಬುದೇ ಜನರಿಗೆ ಮರೆತುಹೋಯಿತು.

ಮರೆತ ಹೊತ್ತಿನಲ್ಲೇ ಸಿಮ್ಮಿನ ಬೆಲೆ ಬೇರೆ ದಾರಿಯಲ್ಲಿ ಏರಿತು. ಬ್ಯಾಂಕಿನ ಓಟಿಪಿ, ಆಧಾರ್ ಓಟಿಪಿ, ಇಮೇಲ್ ಪಾಸ್‌ವರ್ಡ್ ಮರೆತರೆ ಬರುವ ಕೋಡು ಎಲ್ಲವೂ ಬರುವುದು ಆ ನಂಬರಿಗೆ. ಯುಪಿಐ ಆಪ್ ಹೊಸ ಫೋನಿನಲ್ಲಿ ಶುರುವಾಗಬೇಕಾದರೆ ನಿಮ್ಮ ಸಿಮ್ಮಿನಿಂದ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕು; ಆ ಎಸ್‌ಎಂಎಸ್ಸೇ ನೀವು ನೀವೇ ಎಂಬುದಕ್ಕೆ ಪುರಾವೆ.

ಮೆಜೆಸ್ಟಿಕ್ಕಿನ ಬಸ್ಸಿನ ನೂಕುನುಗ್ಗಲಿನಲ್ಲಿ ಜೇಬಿನಿಂದ ಫೋನು ಹೋಯಿತೆನ್ನಿ. ಫೋನಿಗೆ ಬೆರಳಚ್ಚಿನ ಬೀಗವಿದೆ, ಕಳ್ಳ ಅದನ್ನು ತೆರೆಯಲಾರ. ತೆರೆಯುವ ಗೋಜಿಗೂ ಅವನು ಹೋಗುವುದಿಲ್ಲ. ಪಿನ್ನು ಚುಚ್ಚಿ ಟ್ರೇ ಎಳೆದು, ಸಿಮ್ಮನ್ನು ತನ್ನ ಹಳೆಯ ಫೋನಿಗೆ ಹಾಕಿಕೊಳ್ಳುತ್ತಾನೆ. ಸಿಮ್ಮಿಗೆ ಪಿನ್ ಇಲ್ಲದಿದ್ದರೆ ಅರ್ಧ ನಿಮಿಷದಲ್ಲಿ ನೆಟ್‌ವರ್ಕ್ ಬರುತ್ತದೆ. ಪರ್ಸೂ ಜೊತೆಗೇ ಹೋಗಿದ್ದರೆ ಡೆಬಿಟ್ ಕಾರ್ಡೂ ಅವನ ಕೈಯಲ್ಲಿದೆ. ಹೊಸ ಯುಪಿಐ ಪಿನ್ ಮಾಡಿಕೊಳ್ಳಲು ಕಾರ್ಡಿನ ಕೊನೆಯ ಆರಂಕಿ, ಅದರ ಅವಧಿ ಮುಗಿಯುವ ತಿಂಗಳು ಮತ್ತು ಆ ನಂಬರಿಗೆ ಬರುವ ಓಟಿಪಿ ಇದ್ದರೆ ಕೆಲಸ ನಡೆಯಬಹುದು.

ಸಿಮ್ಮಿಗೆ ಪಿನ್ ಇದ್ದಿದ್ದರೆ? ಕಾರ್ಡು ಹೊರಗೆ ಬಂದೊಡನೆ ಅದಕ್ಕೆ ಫೋನಿನಿಂದ ಬರುವ ಕರೆಂಟು ನಿಲ್ಲುತ್ತದೆ. "ಪಿನ್ ಸರಿಯಾಗಿದೆ" ಎಂದು ಬೆಳಿಗ್ಗೆ ಒಪ್ಪಿಕೊಂಡದ್ದು ಅಲ್ಲಿಗೆ ಅಳಿಸಿಹೋಗುತ್ತದೆ. ಹೊಸ ಫೋನಿನಲ್ಲಿ ಮತ್ತೆ ಪಿನ್ ಕೊಡಲೇಬೇಕು. ಕೊಡದಿದ್ದರೆ ಕಾರ್ಡು ತನ್ನೊಳಗಿನ ಹೆಸರು ನಂಬರುಗಳನ್ನು ಓದಲು ಬಿಡುವುದಿಲ್ಲ, ಸಿಮ್ಮಿನಲ್ಲಿ ಉಳಿಸಿದ ಮೆಸೇಜು ತೋರಿಸುವುದಿಲ್ಲ. ಮುಖ್ಯವಾಗಿ, ನೆಟ್‌ವರ್ಕ್ ಒಡ್ಡುವ ಪರೀಕ್ಷೆಗೆ ಉತ್ತರ ಕೊಡುವುದಿಲ್ಲ.

ಆ ಪರೀಕ್ಷೆಯ ಬಗ್ಗೆ ಎರಡು ಮಾತು ಬೇಕು. ಪ್ರತಿ ಸಿಮ್ಮಿನಲ್ಲೂ ಒಂದು ಮೂಲ ಕೀಲಿಸಂಖ್ಯೆ ಇದೆ. ಅದು ಕಾರ್ಡಿನಲ್ಲಿ ಮತ್ತು ಕಂಪನಿಯ ಸರ್ವರಿನಲ್ಲಿ ಮಾತ್ರ ಇರುತ್ತದೆ. ಪಿನ್ ಸರಿಯಾಗಿ ಹಾಕಿದರೂ ಫೋನಿಗೆ ಅದು ಕಾಣಿಸದು. ಟವರು ಸಿಕ್ಕಾಗ ನೆಟ್‌ವರ್ಕ್ ಒಂದು ಹೊಸ ಸಂಖ್ಯೆ ಕಳಿಸುತ್ತದೆ. ಕಾರ್ಡು ಅದನ್ನು ಮೂಲ ಕೀಲಿಯೊಂದಿಗೆ ಬೆರೆಸಿ ಲೆಕ್ಕ ಹಾಕಿ ಉತ್ತರ ಕಳಿಸಬೇಕು. ಕಂಪನಿಯ ಲೆಕ್ಕಕ್ಕೆ ಅದು ಹೊಂದಿದರೆ ಮಾತ್ರ ಕರೆ, ಎಸ್‌ಎಂಎಸ್, ಡೇಟಾ. ಪಿನ್ ಬಾರದೆ ಕಾರ್ಡು ಈ ಲೆಕ್ಕವನ್ನೇ ಮಾಡುವುದಿಲ್ಲ. ಕಳ್ಳನ ಪರದೆಯಲ್ಲಿ ಸಿಮ್ ಲಾಕ್ ಆಗಿದೆ ಎಂಬ ಬರಹ ಉಳಿಯುತ್ತದೆ.

ಪಿನ್ ಇಲ್ಲದೆಯೂ ಓದಬಹುದಾದ ಒಂದು ಸಂಗತಿ ಇದೆ: ಕಾರ್ಡಿನ ಕ್ರಮಸಂಖ್ಯೆ. ಸಿಮ್ಮಿನ ಮೇಲೆ ಮತ್ತು ಅದನ್ನು ಮುರಿದು ತೆಗೆದ ದೊಡ್ಡ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಅಚ್ಚಾಗಿರುವ ಹತ್ತೊಂಬತ್ತು ಇಪ್ಪತ್ತು ಅಂಕಿಯ ಸಂಖ್ಯೆ ಅದು. ಭಾರತದ ಕಾರ್ಡುಗಳಲ್ಲಿ 8991 ಎಂದು ಶುರುವಾಗುತ್ತದೆ. 89 ಎಂದರೆ ದೂರಸಂಪರ್ಕ, 91 ನಮ್ಮ ದೇಶ. ಯಾವ ಕಾರ್ಡಿಗೆ ಯಾವ ಪಿಯುಕೆ ಎಂದು ಕಂಪನಿ ಗುರುತಿಸುವುದು ಈ ಸಂಖ್ಯೆಯಿಂದ. ಇದನ್ನು ಹಾಕಿದರೆ ಪಿಯುಕೆ ಲೆಕ್ಕ ಹಾಕಿ ಕೊಡುತ್ತೇವೆ ಎನ್ನುವ ಆಪುಗಳೂ ಜಾಲತಾಣಗಳೂ ಇವೆ. ಹೊರಗಿನವರು ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ಅವು ತೋರಿಸುವ ಸಂಖ್ಯೆ ಒತ್ತಿದರೆ ಹತ್ತರಲ್ಲಿ ಒಂದು ಅವಕಾಶ ಹೋದಂತೆಯೇ.

ಈ ಬೀಗಕ್ಕೆ ಮಿತಿಗಳೂ ಇವೆ. ಕೇಳುವುದು ಫೋನು ಆನ್ ಆದಾಗ ಅಥವಾ ಕಾರ್ಡು ಹಾಕಿದಾಗ ಮಾತ್ರ. ಆನ್ ಇರುವ ಫೋನಿಗೆ ಕರೆ ಬಂದರೆ ಕಳ್ಳನೂ ಎತ್ತಬಹುದು. ಲಾಕ್ ಆದ ಪರದೆಯ ಮೇಲೂ ಮೆಸೇಜಿನ ಪೂರ್ತಿ ಸಾಲು ಮೂಡುವಂತೆ ಬಿಟ್ಟಿದ್ದರೆ ಓಟಿಪಿಯನ್ನು ಅಲ್ಲೇ ಓದಿಕೊಳ್ಳಬಹುದು. ನಿಮ್ಮ ಹೆಸರಿನಲ್ಲಿ ನಕಲಿ ದಾಖಲೆ ಕೊಟ್ಟು ಅದೇ ನಂಬರಿಗೆ ಹೊಸ ಸಿಮ್ ಪಡೆಯುವ ಸಿಮ್ ಸ್ವಾಪ್ ವಂಚನೆಯನ್ನೂ ಪಿನ್ ತಡೆಯದು, ಅಲ್ಲಿ ನಿಮ್ಮ ಕಾರ್ಡಿನ ಪ್ರಶ್ನೆಯೇ ಬರುವುದಿಲ್ಲ. ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬಾರದ್ದು. ರಾತ್ರಿ ಅಪ್‌ಡೇಟ್ ಆಗಿ ಫೋನು ತಾನಾಗಿ ರೀಸ್ಟಾರ್ಟ್ ಆದರೆ, ಬೆಳಿಗ್ಗೆ ಯಾರಾದರೂ ಪಿನ್ ಒತ್ತುವವರೆಗೆ ಕರೆಗಳು ಬರುವುದಿಲ್ಲ. ಊರಿನಲ್ಲಿ ಒಬ್ಬರೇ ಇರುವ ಅಜ್ಜಿಯ ಫೋನಿಗೆ ಸಿಮ್ ಪಿನ್ ಹಾಕುವ ಮೊದಲು ಮೊಮ್ಮಕ್ಕಳು ಇದನ್ನು ಯೋಚಿಸಬೇಕು. ಬ್ಯಾಂಕಿಗೆ ಜೋಡಿಸಿದ ನಂಬರಿಗೆ ಈ ಬೀಗ ಇರುವುದೇ ಲೇಸು. ಕರೆ ಎತ್ತಲಿಕ್ಕಷ್ಟೇ ಇರುವ ಅಜ್ಜಿಯ ನಂಬರಿಗೆ ಅದು ಬೇಕಾಗಲಿಕ್ಕಿಲ್ಲ.

ಈಗ ಶುಟ್ಜ್ ಕಂಡ ವಿಚಿತ್ರಕ್ಕೆ ಬರೋಣ. ಆಂಡ್ರಾಯ್ಡ್ ಫೋನು ಆನ್ ಆದ ಮೇಲೆ ಮೊದಲ ಸಲ ತೆರೆಯಲು ಪರದೆಯ ಪಿನ್ ಅಥವಾ ಪಾಸ್‌ವರ್ಡ್ ಕೇಳಲೇಬೇಕು, ಬೆರಳಚ್ಚು ಸಾಲದು. ಆದರೆ ಪಿಯುಕೆ ಹಾಕಿದ ಮೇಲೆ ಅವರ ಫೋನು ಬೆರಳಚ್ಚಿನ ಗುರುತು ತೋರಿಸಿತು, ಬೆರಳನ್ನು ಒಪ್ಪಿಯೂ ಬಿಟ್ಟಿತು. ಮರುದಿನ ಅವರು ಅದನ್ನೇ ಮತ್ತೆ ಮತ್ತೆ ಮಾಡಿ ನೋಡತೊಡಗಿದರು. ಒಂದು ಸಲ ರೀಸ್ಟಾರ್ಟ್ ಮಾಡಲು ಮರೆತು, ಲಾಕ್ ಆಗಿದ್ದ ಫೋನಿನಿಂದ ಸಿಮ್ ಟ್ರೇ ಎಳೆದು ಮತ್ತೆ ತಳ್ಳಿ, ಪಿಯುಕೆ ಕೊಟ್ಟು, ಹೊಸ ಪಿನ್ ಹಾಕಿದರು. ಫೋನು ಬೆರಳನ್ನೂ ಕೇಳದೆ ಪೂರ್ತಿ ತೆರೆದುಕೊಂಡಿತು.

ಅಂದರೆ ಕಳ್ಳನಿಗೆ ಬೇಕಾದದ್ದು ತನ್ನದೇ ಒಂದು ಸಿಮ್ ಮತ್ತು ಅದರ ಪಿಯುಕೆ. ಬೇರೆಯವರ ಫೋನಿಗೆ ಅದನ್ನು ತುರುಕಿ, ಬೇಕೆಂದೇ ಮೂರು ಸಲ ತಪ್ಪು ಪಿನ್ ಒತ್ತಿ, ತನ್ನ ಪಿಯುಕೆ ಹಾಕಿದರೆ ಫೋನಿನ ಬೀಗ ಬಿದ್ದುಹೋಗುತ್ತಿತ್ತು. ಕಾರ್ಡಿನ ತಪ್ಪೇನೂ ಇರಲಿಲ್ಲ, ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಎಡವಟ್ಟು ಇದ್ದದ್ದು ಫೋನಿನ ತಂತ್ರಾಂಶದಲ್ಲಿ. ಆಂಡ್ರಾಯ್ಡ್ ಈ ಲಾಕ್ ಪರದೆಗಳನ್ನು ಒಂದರ ಮೇಲೊಂದು ಇಡುತ್ತದೆ: ಕೆಳಗೆ ಫೋನಿನ ಪರದೆ, ಮೇಲೆ ಸಿಮ್ಮಿನದು. ಪಿಯುಕೆ ಸರಿಯಾದಾಗ ಸಿಮ್ಮಿನ ಪರದೆಯನ್ನು ನೋಡಿಕೊಳ್ಳುವ ಭಾಗ "ಮೇಲಿರುವುದನ್ನು ತೆಗೆ" ಎಂದು ಆಜ್ಞೆ ಕೊಡುತ್ತಿತ್ತು. ಆದರೆ ಅಷ್ಟರೊಳಗೆ ಸಿಮ್ಮಿನ ಸ್ಥಿತಿಯನ್ನು ಗಮನಿಸುವ ಇನ್ನೊಂದು ಭಾಗ, ಬೀಗ ತೆರೆಯಿತೆಂದು ತಿಳಿದು, ಆ ಪರದೆಯನ್ನು ತಾನೇ ತೆಗೆದಿರುತ್ತಿತ್ತು. ತಡವಾಗಿ ತಲುಪಿದ ಆಜ್ಞೆ ಈಗ ಮೇಲೆ ಬಂದಿದ್ದ ಫೋನಿನ ಬೀಗವನ್ನೇ ತೆಗೆದುಹಾಕುತ್ತಿತ್ತು.

ಶುಟ್ಜ್ ಇದನ್ನು ಗೂಗಲ್‌ಗೆ ತಿಳಿಸಿದರು. ಇದೇ ದೋಷವನ್ನು ಇನ್ನೊಬ್ಬರು ಮೊದಲೇ ತಿಳಿಸಿದ್ದಾರೆ ಎಂಬ ಉತ್ತರ ಬಂದರೂ, ಕಂಪನಿ ಅದನ್ನು ಸರಿಪಡಿಸಲು ಕೈಹಾಕಿದ್ದು ಇವರ ವರದಿಯ ಮೇಲೆ. ಹಾಗಾಗಿ ಬಹುಮಾನ ಇವರಿಗೆ ಸಂದಿತು. CVE-2022-20465 ಎಂಬ ಗುರುತಿನ ಈ ದೋಷಕ್ಕೆ 2022ರ ನವೆಂಬರ್ ಭದ್ರತಾ ಅಪ್‌ಡೇಟಿನಲ್ಲಿ ಪರಿಹಾರ ಬಂತು. ಈಗ ಆಜ್ಞೆಯ ಜೊತೆಗೆ ಯಾವ ಬಗೆಯ ಪರದೆಯನ್ನು ತೆಗೆಯಬೇಕು ಎಂಬುದನ್ನೂ ಹೇಳಬೇಕು. ಬೇರೆಯದು ಮೇಲಿದ್ದರೆ ಆಜ್ಞೆ ನಡೆಯುವುದಿಲ್ಲ. ಆಂಡ್ರಾಯ್ಡ್ 10ರಿಂದ 13ರವರೆಗಿನ ಫೋನು ಬಳಸುವವರು ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟಿನ ದಿನಾಂಕ ನೋಡಿಕೊಳ್ಳಬೇಕು. ಅದು 2022ರ ನವೆಂಬರ್ 5 ಅಥವಾ ಆಮೇಲಿನದಾಗಿದ್ದರೆ ಚಿಂತೆಯಿಲ್ಲ.

ನಮ್ಮಲ್ಲಿ ಸಿಮ್ ಲಾಕ್ ಆಗುವುದು ಹೆಚ್ಚಾಗಿ ಮರೆವಿನಿಂದಲ್ಲ, ತಪ್ಪು ತಿಳಿವಳಿಕೆಯಿಂದ. ಗದುಗಿನ ಕಿರಾಣಿ ಅಂಗಡಿಯವರೊಬ್ಬರನ್ನು ಕಲ್ಪಿಸಿಕೊಳ್ಳಿ. ಸಿಮ್ಮಿಗೆ ಬೀಗ ಹಾಕುವುದು ಒಳ್ಳೆಯದೆಂದು ಎಲ್ಲೋ ಕೇಳಿ, ಸೆಟ್ಟಿಂಗ್ಸ್‌ನ ಸೆಕ್ಯೂರಿಟಿ ವಿಭಾಗದಲ್ಲಿ ಸಿಮ್ ಲಾಕ್ ಹುಡುಕಿ ಆನ್ ಮಾಡುತ್ತಾರೆ. ಫೋನು ಪಿನ್ ಕೇಳುತ್ತದೆ. ಹೊಸ ಪಿನ್ ಇಡಲು ಹೇಳುತ್ತಿದೆ ಎಂದುಕೊಂಡು ತಮಗೆ ಇಷ್ಟವಾದ 4826 ಒತ್ತುತ್ತಾರೆ. ತಪ್ಪು ಎನ್ನುತ್ತದೆ. ಬೆರಳು ಜಾರಿರಬೇಕೆಂದು ಮತ್ತೆ ಅದನ್ನೇ ಒತ್ತುತ್ತಾರೆ. ಅಂಗಡಿಗೆ ಬಂದ ಮಗ ಇಣುಕಿ ನೋಡಿ, "ಅಪ್ಪಾ, ಅದು ಹೊಸಾದು ಕೇಳಾಕತ್ತಿಲ್ಲ, ಮೊದಲ ಇದ್ದದ್ದು ಕೇಳಾಕತ್ತೈತಿ" ಎನ್ನುವಷ್ಟರಲ್ಲಿ ಮೂರನೆಯದೂ ಮುಗಿದಿರುತ್ತದೆ.

ಮಗ ಹೇಳಿದ್ದು ಸರಿ. ಬೀಗ ತೆರೆದಿದ್ದರೂ ಒಳಗೆ ಕಂಪನಿ ಇಟ್ಟ ಒಂದು ಪಿನ್ ಇದ್ದೇ ಇರುತ್ತದೆ. ಸಾಮಾನ್ಯವಾಗಿ ಅದು 0000 ಅಥವಾ 1234. ಸಿಮ್ ಬಂದ ಕವರಿನಲ್ಲಿ ಅಥವಾ ಕಂಪನಿಯ ಆಪಿನಲ್ಲಿ ನೋಡಿ ಖಚಿತ ಮಾಡಿಕೊಳ್ಳಬಹುದು. ಮೊದಲು ಅದನ್ನು ಕೊಟ್ಟು ಬೀಗ ಆನ್ ಮಾಡಬೇಕು, ಆಮೇಲೆ ಪಿನ್ ಬದಲಿಸಬೇಕು. ಇದೇ ಜಾತಿಯ ಇನ್ನೊಂದು ತಪ್ಪು ರೀಸ್ಟಾರ್ಟ್ ಆದಾಗ ಆಗುತ್ತದೆ: ಸಿಮ್ಮಿನ ಪಿನ್ ಕೇಳುವ ಜಾಗದಲ್ಲಿ ಫೋನಿನ ಪರದೆಯ ಪಿನ್ ಒತ್ತುವುದು. ಎರಡೂ ನಾಲ್ಕಂಕಿ, ಎರಡೂ ಒಂದೇ ತರಹದ ಪರದೆಯ ಮೇಲೆ ಬರುತ್ತವೆ. ಎಷ್ಟು ಅವಕಾಶ ಉಳಿದಿದೆ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತದೆ. ಎರಡು ತಪ್ಪಾದ ಮೇಲೆ ಕೈ ತೆಗೆದು ಫೋನು ಕೆಳಗಿಟ್ಟರೆ ಏನೂ ಕೆಡುವುದಿಲ್ಲ, ಉಳಿದ ಆ ಒಂದು ಅವಕಾಶಕ್ಕೆ ಅವಧಿಯಿಲ್ಲ.

ಅಂಗಡಿಯವರ ಸಿಮ್ ಈಗ ಲಾಕ್ ಆಗಿದೆ. ಮುಂದೇನು? ಅವರ ಫೋನಿನಲ್ಲಿ ಎರಡು ಸಿಮ್ ಇವೆ. ಮೊದಲು ನೋಡಬೇಕಾದದ್ದು ಮುಚ್ಚಿಕೊಂಡಿರುವುದು ಯಾವುದು ಎಂಬುದನ್ನು. ಪರದೆಯ ಮೇಲೆ ಸಿಮ್ 1 ಅಥವಾ ಸಿಮ್ 2 ಎಂದಿರುತ್ತದೆ, ಕೆಲವು ಫೋನುಗಳಲ್ಲಿ ಕಂಪನಿಯ ಹೆಸರೂ ಇರುತ್ತದೆ. ಒಂದು ಕಾರ್ಡಿನ ಪಿಯುಕೆಯನ್ನು ಇನ್ನೊಂದಕ್ಕೆ ಹಾಕಿ ಅವಕಾಶ ಕಳೆದುಕೊಳ್ಳುವವರು ಬೇಕಾದಷ್ಟಿದ್ದಾರೆ. ಗೊಂದಲವಿದ್ದರೆ ಫೋನು ಆಫ್ ಮಾಡಿ, ಚೆನ್ನಾಗಿರುವ ಸಿಮ್ ಹೊರಗೆ ತೆಗೆದಿಡುವುದು ಸುಲಭ.

ಮುಂದಿನದು ಪಿಯುಕೆ ಪಡೆಯುವುದು. ಸಿಮ್ ಬಂದ ಕವರು ಇದ್ದರೆ ಅಲ್ಲಿ ಅಚ್ಚಾಗಿರಬಹುದು. ಕಂಪನಿಯ ಆಪಿನಲ್ಲೂ ಸಿಗುತ್ತದೆ. ಆದರೆ ಇಲ್ಲೊಂದು ಫಜೀತಿ ಇದೆ. ಆಪಿಗೆ ಹೊಸದಾಗಿ ಲಾಗಿನ್ ಆಗಲು ಓಟಿಪಿ ಬೇಕು, ಓಟಿಪಿ ಬರಬೇಕಾದದ್ದು ಮುಚ್ಚಿಹೋದ ನಂಬರಿಗೆ. ಮೊದಲೇ ಲಾಗಿನ್ ಆಗಿದ್ದ ಆಪ್ ಮಾತ್ರ ವೈಫೈ ಅಥವಾ ಇನ್ನೊಂದು ಸಿಮ್ಮಿನ ಡೇಟಾದ ಮೇಲೆ ತೆರೆದೀತು. ಆದ್ದರಿಂದ ಬೀಗ ಹಾಕುವ ಮೊದಲೇ ಪಿಯುಕೆ ನೋಡಿ ಕಾಗದದ ಮೇಲೆ ಬರೆದು ಮನೆಯಲ್ಲಿ ಇಡುವುದು ಜಾಣತನ. ಫೋನಿನಲ್ಲೇ ಬರೆದಿಟ್ಟುಕೊಂಡರೆ ಬೇಕಾದಾಗ ಕೈಗೆ ಸಿಗಲಿಕ್ಕಿಲ್ಲ.

ಎರಡೂ ಇಲ್ಲದಿದ್ದರೆ ಅದೇ ಕಂಪನಿಯ ಇನ್ನೊಂದು ಸಿಮ್ ಇರುವ ಫೋನಿನಿಂದ ಕಸ್ಟಮರ್ ಕೇರ್‌ಗೆ, ಅಥವಾ ದೂರು ಸಂಖ್ಯೆ 198ಕ್ಕೆ ಕರೆ ಮಾಡಬೇಕು. ನಂಬರು ಯಾರ ಹೆಸರಿನಲ್ಲಿದೆಯೋ ಅವರ ಹೆಸರು, ವಿಳಾಸ, ಹುಟ್ಟಿದ ದಿನ, ಕೊನೆಯ ರೀಚಾರ್ಜ್ ಮೊತ್ತ ಇಂಥವನ್ನು ಕೇಳಿ ಖಾತರಿ ಮಾಡಿಕೊಂಡ ಮೇಲೆ ಪಿಯುಕೆ ಹೇಳುತ್ತಾರೆ. ಸೋದರಮಾವನ ಹೆಸರಿನಲ್ಲಿ ತೆಗೆದ ಸಿಮ್ಮನ್ನು ಹತ್ತು ವರ್ಷ ಬಳಸಿದವರು ತಡಬಡಾಯಿಸುವುದು ಈ ಹಂತದಲ್ಲೇ, ಮಾವನೇ ಮಾತಾಡಬೇಕಾಗುತ್ತದೆ. ಇದರ ತಿರುವುಮುರುವು ಎಂದೂ ಆಗುವುದಿಲ್ಲ: ಕಂಪನಿಯಿಂದ ಎನ್ನುತ್ತಾ ಫೋನು ಮಾಡಿ ನಿಮ್ಮ ಪಿಯುಕೆ ಕೇಳುವವರು ಕಂಪನಿಯವರಲ್ಲ. ಅದು ಅವರ ದಾಖಲೆಯಲ್ಲೇ ಇದೆ, ನಿಮ್ಮನ್ನು ಕೇಳುವ ಅಗತ್ಯವಿಲ್ಲ.

ಪಿಯುಕೆ ಸಿಕ್ಕಿತು. ಸ್ಮಾರ್ಟ್‌ಫೋನು ತಾನೇ ಪಿಯುಕೆ, ಹೊಸ ಪಿನ್, ಮತ್ತೊಮ್ಮೆ ಹೊಸ ಪಿನ್ ಎಂದು ಒಂದೊಂದಾಗಿ ಕೇಳುತ್ತದೆ. ಕೀಪ್ಯಾಡ್ ಫೋನಿನಲ್ಲಿ ಅಥವಾ ತುರ್ತು ಕರೆಯ ಪರದೆಯಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಒತ್ತಬಹುದು. ಪಿಯುಕೆ 12345678 ಎಂದೂ ಹೊಸ ಪಿನ್ 4826 ಎಂದೂ ಇಟ್ಟುಕೊಂಡರೆ ಸಾಲು ಹೀಗಿರುತ್ತದೆ:

```
**05*12345678*4826*4826#
```

ಕೊನೆಯ # ಒತ್ತಿದ ಕೂಡಲೇ ಕೆಲಸ ಆಗುತ್ತದೆ, ಹಸಿರು ಗುಂಡಿ ಒತ್ತುವ ಹಾಗಿಲ್ಲ. ಸಿಮ್ ಲಾಕ್ ಆನ್ ಇರುವಾಗ, ಪಿನ್ ನೆನಪಿದ್ದು ಅದನ್ನು ಬದಲಿಸಬೇಕಾದರೆ ಇದೇ ಬಗೆಯ ಇನ್ನೊಂದು ಸಾಲು ಇದೆ. ಮೊದಲು ಹಳೆಯದು, ಆಮೇಲೆ ಎರಡು ಸಲ ಹೊಸದು:

```
**04*1234*4826*4826#
```

ಪಿಯುಕೆಯೂ ತಪ್ಪು ಎಂದು ಬಂದರೆ ಅದನ್ನೇ ಮತ್ತೆ ಒತ್ತುವುದರಲ್ಲಿ ಅರ್ಥವಿಲ್ಲ. ಫೋನಿನಲ್ಲಿ ಕೇಳಿ ಬರೆದುಕೊಳ್ಳುವಾಗ ಒಂದಂಕಿ ಅದಲುಬದಲಾಗಿರಬಹುದು, ಇಲ್ಲವೇ ಹಿಂದೆ ಸಿಮ್ ಬದಲಿಸಿದ್ದು ಹಳೆಯ ಕಾರ್ಡಿನ ಕವರು ಕೈಗೆ ಸಿಕ್ಕಿರಬಹುದು. ಕಾರ್ಡಿನ ಮೇಲಿನ ಕ್ರಮಸಂಖ್ಯೆಯನ್ನು ಕವರಿನ ಸಂಖ್ಯೆಯೊಂದಿಗೆ ಹೊಂದಿಸಿ ನೋಡಿದರೆ ಇದು ತಿಳಿದುಬಿಡುತ್ತದೆ. ಹೊಂದದಿದ್ದರೆ ಆ ಕವರನ್ನು ಎಸೆದು ಕಂಪನಿಯಿಂದ ಹೊಸದಾಗಿ ಕೇಳಬೇಕು. ಪಿನ್2, ಪಿಯುಕೆ2 ಎಂದು ಇನ್ನೆರಡು ಸಂಖ್ಯೆಗಳು ಕವರಿನಲ್ಲಿ ಇದ್ದರೆ ಅವನ್ನು ಇಲ್ಲಿ ಒತ್ತಬಾರದು. ಕೆಲವೇ ನಂಬರುಗಳಿಗೆ ಮಾತ್ರ ಕರೆ ಹೋಗುವಂತೆ ಕಟ್ಟುವ ವ್ಯವಸ್ಥೆಗೆ ಬೇಕಾದವು ಅವು, ದಿನಬಳಕೆಗೆ ಬಾರವು.

ಹತ್ತೂ ಅವಕಾಶ ಮುಗಿದ ಕಾರ್ಡಿಗೆ ಉಳಿದದ್ದು ಬದಲಿ ಸಿಮ್. ನಂಬರು ಹೋಗುವುದಿಲ್ಲ, ಕಾರ್ಡು ಮಾತ್ರ ಹೋಗುತ್ತದೆ. ಹೆಸರಿದ್ದವರು ಗುರುತಿನ ದಾಖಲೆಯೊಂದಿಗೆ ಕಂಪನಿಯ ಅಂಗಡಿಗೆ ಹೋಗಿ ಅದೇ ನಂಬರಿನ ಹೊಸ ಕಾರ್ಡು ಪಡೆಯಬಹುದು. ಕರೆ ಮತ್ತು ಡೇಟಾ ಅಂದೇ ಶುರುವಾದರೂ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಇದು ಕಾರ್ಡಿನ ದೋಷವಲ್ಲ. ಸಿಮ್ ಸ್ವಾಪ್ ವಂಚಕರಿಗೆ ಓಟಿಪಿ ಸಿಗದಿರಲೆಂದು, ಬದಲಿ ಸಿಮ್ ಚಾಲೂ ಆದ ಮೇಲೆ 24 ತಾಸು ಎಸ್‌ಎಂಎಸ್ ತಡೆಹಿಡಿಯಲು ದೂರಸಂಪರ್ಕ ಇಲಾಖೆ 2022ರಲ್ಲಿ ಕಂಪನಿಗಳಿಗೆ ಸೂಚಿಸಿದೆ. ಅಷ್ಟು ಹೊತ್ತು ಓಟಿಪಿ ಇಲ್ಲ, ಯುಪಿಐ ಆಪ್ ಮತ್ತೆ ನೋಂದಣಿ ಕೇಳಿದರೆ ಅದೂ ಆಗದು. ನಾಳೆ ಬೆಳಿಗ್ಗೆ ಕಂತು ಕಟ್ಟಬೇಕಿದ್ದವರು ಇದನ್ನು ಲೆಕ್ಕಕ್ಕೆ ಹಿಡಿದು ಅಂಗಡಿಗೆ ಹೋಗುವ ದಿನ ಗೊತ್ತುಮಾಡಿಕೊಳ್ಳಬೇಕು. ಬೇಸರದಿಂದ ಕಂಪನಿಯನ್ನೇ ಬದಲಿಸುತ್ತೇನೆ ಎನ್ನುವವರಿಗೂ ತಡೆ ಇದೆ: ಟ್ರಾಯ್ ನಿಯಮದಂತೆ 2024ರ ಜುಲೈ 1ರಿಂದ, ಸಿಮ್ ಬದಲಾದ ಏಳು ದಿನದೊಳಗೆ ನಂಬರು ಪೋರ್ಟ್ ಮಾಡಲು ಆಗುವುದಿಲ್ಲ.

ಹಳೆಯ ಸಿಮ್ಮಿನಲ್ಲೇ ಉಳಿಸಿದ್ದ ಹೆಸರು ನಂಬರುಗಳು ಹೊಸದಕ್ಕೆ ಬರುವುದಿಲ್ಲ. ಫೋನಿನಲ್ಲಿ ಅಥವಾ ಗೂಗಲ್ ಖಾತೆಯಲ್ಲಿ ಇದ್ದವು ಹಾಗೇ ಇರುತ್ತವೆ. ಹೊಸ ಕಾರ್ಡು ಮತ್ತೆ ಕಂಪನಿಯ ಮೂಲ ಪಿನ್ನಿನೊಂದಿಗೆ, ಸಾಮಾನ್ಯವಾಗಿ ಬೀಗ ತೆರೆದೇ ಬರುತ್ತದೆ. ಅದರ ಪಿಯುಕೆಯೂ ಬೇರೆ. ಮನೆಯಲ್ಲಿ ಕಾಗದದ ಮೇಲೆ ಬರೆದಿಟ್ಟ ಹಳೆಯ ಎಂಟಂಕಿಯನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡ ಮೇಲೆ ಸಿಮ್ ಲಾಕ್ ಆನ್ ಮಾಡಬಹುದು. ಆಗ ಅಂಗಡಿಯವರು ಮೊದಲು ಒತ್ತಬೇಕಾದದ್ದು ತಮ್ಮ 4826 ಅಲ್ಲ, ಹೊಸ ಕವರಿನಲ್ಲಿರುವ ಸಂಖ್ಯೆ.